ಕೇಬಲ್ ಕವಚದಲ್ಲಿ ಸುತ್ತುವ ಕರೆಂಟು

ಬೆಂಗಳೂರಿನಂಥ ಊರಿನಲ್ಲಿ 66 ಮತ್ತು 220 ಕಿಲೋವೋಲ್ಟ್ ಮಾರ್ಗಗಳಿಗೆ ಗೋಪುರ ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಹಾಗಾಗಿ ಅವು ರಸ್ತೆಯ ಅಡಿಯಲ್ಲಿ ಕೇಬಲ್ ಆಗಿ ಹೋಗುತ್ತವೆ. ಆರ್, ವೈ, ಬಿ ಎಂಬ ಮೂರು ಫೇಸುಗಳಿಗೆ ತೋಳಿನ ಗಾತ್ರದ ಮೂರು ಬೇರೆ ಬೇರೆ ಕೇಬಲ್ಲುಗಳು. ಒಂದೊಂದರ ನಡುವೆಯೂ ತಾಮ್ರದ ಅಥವಾ ಅಲ್ಯೂಮಿನಿಯಮ್ಮಿನ ತಂತಿ, ಅದರ ಸುತ್ತ ಎಕ್ಸ್‌ಎಲ್‌ಪಿಇ ಎಂಬ ದಪ್ಪ ಪ್ಲಾಸ್ಟಿಕ್ ನಿರೋಧಕ, ಅದರ ಮೇಲೆ ಲೋಹದ ಕವಚ, ಎಲ್ಲಕ್ಕಿಂತ ಹೊರಗೆ ಕಪ್ಪು ಪಾಲಿಥೀನ್ ಹೊದಿಕೆ. ಕರೆಂಟು ಹರಿಯಬೇಕಾದದ್ದು ನಡುವಿನ ತಂತಿಯಲ್ಲಿ. ಆದರೆ ಆ ಲೋಹದ ಕವಚವನ್ನು ಅರ್ಥಿಂಗ್ ಮಾಡುವಾಗ ಯೋಚಿಸದೆ ಹೋದರೆ ಅದರಲ್ಲೂ ನೂರಾರು ಆಂಪಿಯರ್ ಹರಿಯುತ್ತದೆ. ಆ ಕರೆಂಟಿನಿಂದ ಒಂದು ಮನೆಯಲ್ಲೂ ದೀಪ ಹತ್ತುವುದಿಲ್ಲ. ಅದು ಕೇಬಲ್ಲನ್ನು ಸುಮ್ಮನೆ ಕಾಯಿಸುತ್ತದೆ. ಅದನ್ನು ತಡೆಯಲು ಎರಡು ಮುಖ್ಯ ದಾರಿಗಳಿವೆ. ಎರಡರಲ್ಲಿ ಯಾವುದನ್ನು ಎಲ್ಲಿ ಆರಿಸಬೇಕು, ಆರಿಸಿದ್ದು ಸರಿಯಾಗಿ ಕೆಲಸ ಮಾಡುತ್ತಿದೆಯೆಂದು ತಿಳಿಯುವುದು ಹೇಗೆ ಎಂಬುದು ಈ ಲೇಖನದ ವಿಷಯ.

ಕವಚ ಯಾಕೆ ಬೇಕು, ಕರೆಂಟು ಎಲ್ಲಿಂದ ಬರುತ್ತದೆ

ತೊಂದರೆ ಕೊಡುವ ಕವಚವನ್ನು ತೆಗೆದೇ ಹಾಕಬಾರದೇಕೆ ಎಂದು ಯಾರಿಗಾದರೂ ಅನಿಸುತ್ತದೆ. ತೆಗೆಯುವ ಹಾಗಿಲ್ಲ. ನೆಲದ ತೇವ ನಿರೋಧಕದೊಳಗೆ ಇಳಿಯದಂತೆ ತಡೆಯುವುದು ಅದೇ. ಕೇಬಲ್ ಒಡೆದು ಶಾರ್ಟ್ ಆದಾಗ ಸಾವಿರಾರು ಆಂಪಿಯರ್ ಹರಿದು ಹೋಗಲು ದಾರಿ ಕೊಡುವುದೂ ಅದೇ. ನಿರೋಧಕದ ಮೇಲ್ಮೈಯನ್ನು ಎಲ್ಲ ಕಡೆ ಒಂದೇ ಸಮನಾಗಿ, ಸೊನ್ನೆ ವೋಲ್ಟಿಗೆ ಹತ್ತಿರ ಇರಿಸುವುದೂ ಅದರ ಕೆಲಸ. ಅರ್ಥ್ ಮಾಡದೆ ಬಿಡುವಂತೆಯೂ ಇಲ್ಲ. ಒಳಗಿನ ತಂತಿ, ನಿರೋಧಕ, ಕವಚ ಈ ಮೂರೂ ಸೇರಿ ಒಂದು ಉದ್ದನೆಯ ಕೆಪಾಸಿಟರ್ ಆಗಿರುತ್ತವೆ. ಎಲ್ಲಿಯೂ ನೆಲಕ್ಕೆ ಜೋಡಿಸದ ಕವಚದ ಮೇಲೆ ಸಾವಿರಾರು ವೋಲ್ಟ್ ಏರಿ ಕೂರುತ್ತದೆ.

ಕಾರಣ ಸರಳವಾಗಿದೆ. ತಂತಿಯಲ್ಲಿ ಹರಿಯುವ ಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ, ಅದರ ಸುತ್ತಲಿನ ಕಾಂತಕ್ಷೇತ್ರವೂ ಜೊತೆಯಲ್ಲೇ ಏರಿಳಿಯುತ್ತದೆ. ಆ ಕ್ಷೇತ್ರದೊಳಗೆ ಉದ್ದಕ್ಕೂ ಮಲಗಿರುವ ಕವಚ ಟ್ರಾನ್ಸ್‌ಫಾರ್ಮರಿನ ಎರಡನೆಯ ಸುರುಳಿಯಂತೆ ವರ್ತಿಸುತ್ತದೆ, ಅದರಲ್ಲಿ ವೋಲ್ಟೇಜು ಹುಟ್ಟುತ್ತದೆ. ಮೂರು ಫೇಸೂ ಒಂದೇ ಹೊದಿಕೆಯೊಳಗಿರುವ 11 ಕೆವಿ ತ್ರೀ-ಕೋರ್ ಕೇಬಲ್ಲಿನಲ್ಲಿ ಈ ತಾಪತ್ರಯ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಮೂರು ಕರೆಂಟುಗಳ ಮೊತ್ತ ಯಾವಾಗಲೂ ಸೊನ್ನೆಯ ಹತ್ತಿರ ಇರುವುದರಿಂದ ಹೊರಗಿನ ಲೋಹಕ್ಕೆ ಕಾಣುವ ಕ್ಷೇತ್ರವೂ ಅತ್ಯಲ್ಪ. ಒಂದೊಂದು ಫೇಸಿಗೂ ಒಂದೊಂದು ಕವಚ ಇರುವ ಸಿಂಗಲ್-ಕೋರ್ ಕೇಬಲ್ಲಿನಲ್ಲಿ ಮಾತ್ರ ಕವಚ ತನ್ನ ಫೇಸಿನ ಪೂರ್ತಿ ಕರೆಂಟಿಗೆ ಸಿಕ್ಕಿಕೊಳ್ಳುತ್ತದೆ.

ವೋಲ್ಟೇಜು ಹುಟ್ಟಿದ ಮಾತ್ರಕ್ಕೆ ಕರೆಂಟು ಹರಿಯುವುದಿಲ್ಲ, ಸುತ್ತಿ ಬರಲು ದಾರಿಯೂ ಬೇಕು. ಕವಚದ ಎರಡೂ ತುದಿಗಳನ್ನು ಅರ್ಥ್ ಮಾಡಿದರೆ ಆ ದಾರಿಯನ್ನು ನಾವೇ ಕೊಟ್ಟಂತೆ: ಒಂದು ಕವಚದಲ್ಲಿ ಹೋಗಿ ಇನ್ನೊಂದರಲ್ಲಿ ಮರಳುವ ಪೂರ್ಣ ಸುತ್ತು. ಅದರಲ್ಲಿ ಹರಿಯುವುದೇ ಕವಚದ ಸುತ್ತು ಕರೆಂಟು.

ಒಂದೂವರೆ ಕಿಲೋಮೀಟರಿನ ಲೆಕ್ಕ

ಲೆಕ್ಕ ಹಾಕಿ ನೋಡಿದರೆ ವಿಷಯದ ಗಾತ್ರ ತಿಳಿಯುತ್ತದೆ. ಎರಡು ಸಬ್‌ಸ್ಟೇಷನ್ನುಗಳ ನಡುವೆ 220 ಕೆವಿ ಮಾರ್ಗವೊಂದಿದೆ, ಉದ್ದ ಒಂದೂವರೆ ಕಿ.ಮೀ. ಎಂದುಕೊಳ್ಳೋಣ. 1000 ಚದರ ಮಿಲಿಮೀಟರಿನ ತಾಮ್ರದ ತಂತಿ, ಸರಾಸರಿ 95 ಮಿ.ಮೀ. ವ್ಯಾಸದ, 2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಕವಚ, 800 ಆಂಪಿಯರ್ ಹೊರೆ. ಮೂರು ಕೇಬಲ್ಲುಗಳನ್ನು ತ್ರಿಕೋನಾಕಾರದಲ್ಲಿ ಒಂದಕ್ಕೊಂದು ತಾಗಿಸಿ ಮಲಗಿಸಲಾಗಿದೆ. ಫೀಲ್ಡಿನಲ್ಲಿ ಇದಕ್ಕೆ ಟ್ರೆಫಾಯಿಲ್ ಎನ್ನುತ್ತಾರೆ. ಕೇಬಲ್ ಒಂದೊಂದು ಡ್ರಮ್ಮಿನಲ್ಲಿ 500 ಮೀಟರ್ ಬರುವುದರಿಂದ ದಾರಿಯಲ್ಲಿ ಎರಡು ಕಡೆ ಜಾಯಿಂಟ್.

ಇಂಥ ಜೋಡಣೆಯಲ್ಲಿ ಕವಚದ ಮೇಲೆ ಪ್ರತಿ ಕಿ.ಮೀ.ಗೆ ಸುಮಾರು 40 ವೋಲ್ಟ್ ಹುಟ್ಟುತ್ತದೆ. ನೋಡಲು ಸಣ್ಣ ಸಂಖ್ಯೆ. ಆದರೆ ಅಲ್ಯೂಮಿನಿಯಂ ಕವಚ ಒಳ್ಳೆಯ ವಾಹಕ, ಅದು ಒಡ್ಡುವ ತಡೆ ಕಿ.ಮೀ.ಗೆ ಒಂದು ಓಮಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಹಾಗಾಗಿ ಎರಡೂ ತುದಿಗಳನ್ನು ಅರ್ಥ್ ಮಾಡಿಬಿಟ್ಟರೆ ಕವಚದಲ್ಲಿ ಸುಮಾರು 530 ಆಂಪಿಯರ್ ಸುತ್ತುತ್ತದೆ. ತಂತಿಯಲ್ಲಿ 800 ಇರುವಾಗ ಕವಚದಲ್ಲಿ 530!

ಈ ಕರೆಂಟು ಕವಚದಲ್ಲಿ ಕಿ.ಮೀ.ಗೆ, ಫೇಸಿಗೆ ಸುಮಾರು 16 ಕಿಲೋವ್ಯಾಟ್ ಶಾಖ ಉಂಟುಮಾಡುತ್ತದೆ. ತಂತಿಯಲ್ಲೇ ಆಗುವ ನಷ್ಟವೂ ಹೆಚ್ಚು ಕಡಿಮೆ ಅಷ್ಟೇ, ಅಂದರೆ ಒಟ್ಟು ನಷ್ಟ ಎರಡು ಪಟ್ಟು. ಮೂರು ಫೇಸು, ಒಂದೂವರೆ ಕಿ.ಮೀ. ಸೇರಿ ಕವಚದ ಪಾಲು 72 ಕಿಲೋವ್ಯಾಟ್. ಪೂರ್ತಿ ಹೊರೆಯಲ್ಲೇ ವರ್ಷವಿಡೀ ಓಡಿದರೆ 6.3 ಲಕ್ಷ ಯೂನಿಟ್ ಮಣ್ಣುಪಾಲು. ಅದಕ್ಕಿಂತ ದೊಡ್ಡ ಪೆಟ್ಟು ಕೇಬಲ್ಲಿನ ಸಾಮರ್ಥ್ಯಕ್ಕೆ ಬೀಳುತ್ತದೆ. ಎಕ್ಸ್‌ಎಲ್‌ಪಿಇ ನಿರಂತರವಾಗಿ 90 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಮಾತ್ರ ತಾಳುತ್ತದೆ. ಕವಚದ ಶಾಖವನ್ನೂ ಅದೇ ಮಣ್ಣು ಹೊರಗೆ ಸಾಗಿಸಬೇಕಾದ್ದರಿಂದ ಕೇಬಲ್ ಹೊರಬಹುದಾದ ಕರೆಂಟನ್ನು ಸುಮಾರು ಕಾಲು ಭಾಗ ಇಳಿಸಬೇಕಾಗುತ್ತದೆ. ಕೋಟಿಗಟ್ಟಲೆ ಕೊಟ್ಟು ತಂದ ತಾಮ್ರದಲ್ಲಿ ಕಾಲು ಭಾಗ ಕೆಲಸಕ್ಕೆ ಬಾರದೆ ಹೋಗುವುದೆಂದರೆ ಇದೇ.

ಕೇಬಲ್ಲುಗಳನ್ನು ದೂರ ದೂರ ಇಟ್ಟರೆ ತಂಪಾಗಿರುತ್ತವಲ್ಲ ಎಂದು ಕೇಳಬಹುದು. ತಂಪೇನೋ ಆಗುತ್ತವೆ, ಆದರೆ ಕವಚದ ವೋಲ್ಟೇಜು ಏರುತ್ತದೆ. ಇದೇ ಕೇಬಲ್ಲುಗಳನ್ನು 300 ಮಿ.ಮೀ. ಅಂತರದಲ್ಲಿ ಒಂದೇ ಸಾಲಿನಲ್ಲಿ ಮಲಗಿಸಿದರೆ ನಡುವಿನದಕ್ಕೆ ಕಿ.ಮೀ.ಗೆ ಸುಮಾರು 93 ವೋಲ್ಟ್, ಅಂಚಿನ ಎರಡಕ್ಕೆ ಸುಮಾರು 114 ವೋಲ್ಟ್ ಬರುತ್ತದೆ. ಫೇಸುಗಳು ದೂರವಾದಷ್ಟೂ ಒಂದರ ಕ್ಷೇತ್ರವನ್ನು ಇನ್ನೊಂದು ಅಳಿಸುವುದು ಕಡಿಮೆಯಾಗುವುದೇ ಇದಕ್ಕೆ ಕಾರಣ.

ಮೊದಲ ದಾರಿ: ಒಂದೇ ತುದಿಯ ಅರ್ಥಿಂಗ್

ಸುತ್ತು ಕಡಿದರೆ ಕರೆಂಟು ನಿಲ್ಲುತ್ತದೆ. ಕವಚವನ್ನು ಒಂದು ತುದಿಯಲ್ಲಿ ಮಾತ್ರ ಅರ್ಥ್ ಮಾಡಿ ಇನ್ನೊಂದು ತುದಿಯನ್ನು ನೆಲದಿಂದ ಬೇರೆಯಾಗಿಡುವುದು ಸಿಂಗಲ್ ಪಾಯಿಂಟ್ ಬಾಂಡಿಂಗ್. ಸುತ್ತು ಕರೆಂಟು ಸೊನ್ನೆ. ಆದರೆ ಹುಟ್ಟಿದ ವೋಲ್ಟೇಜು ಎಲ್ಲಿಯೂ ಹೋಗುವುದಿಲ್ಲ, ಪೂರ್ತಿಯಾಗಿ ತೆರೆದ ತುದಿಯಲ್ಲಿ ನಿಲ್ಲುತ್ತದೆ. ಉದ್ದ ಹೆಚ್ಚಿದಷ್ಟೂ, ಹೊರೆ ಹೆಚ್ಚಿದಷ್ಟೂ ಅದೂ ಹೆಚ್ಚುತ್ತದೆ. ಕರೆಂಟಿನ ಸಮಸ್ಯೆಯನ್ನು ವೋಲ್ಟೇಜಿನ ಸಮಸ್ಯೆಯಾಗಿ ಬದಲಾಯಿಸಿಕೊಂಡಂತಾಯಿತು.

ನಮ್ಮ ಲೆಕ್ಕದ ಮಾರ್ಗದಲ್ಲಿ ತೆರೆದ ತುದಿಯ ವೋಲ್ಟೇಜು 60. ಅನೇಕ ಕಡೆ ಟೆಂಡರು ಕರಾರಿನಲ್ಲಿ ಬರೆಯುವ ಮಿತಿ 65 ವೋಲ್ಟ್. ಮುಟ್ಟಲಾಗದಂತೆ ಮುಚ್ಚಿದ್ದರೆ ಇನ್ನೂ ಹೆಚ್ಚನ್ನು ಒಪ್ಪುವವರಿದ್ದಾರೆ. ಹಾಗಾದರೆ ಇದು ಪಾಸ್! ಆದರೆ ಮುಂದೆ ಹೊರೆ 1000 ಆಂಪಿಯರಿಗೆ ಏರಿದರೆ 75 ವೋಲ್ಟ್ ಆಗಿ ಮಿತಿ ದಾಟುತ್ತದೆ.

ನಿಜವಾದ ಪರೀಕ್ಷೆ ಬರುವುದು ಶಾರ್ಟ್ ಸರ್ಕ್ಯೂಟ್ ಆದಾಗ. 40,000 ಆಂಪಿಯರಿನ ತ್ರೀ-ಫೇಸ್ ಫಾಲ್ಟಿನಲ್ಲಿ ಹರಿಯುವುದು ದಿನದ ಹೊರೆಯ 50 ಪಟ್ಟು, ಹಾಗಾಗಿ ತೆರೆದ ತುದಿ ಬ್ರೇಕರ್ ಬಿಡುವ ತನಕ 3000 ವೋಲ್ಟಿಗೆ ಏರುತ್ತದೆ. ಒಂದೇ ಫೇಸು ನೆಲಕ್ಕೆ ತಾಗಿದ ಫಾಲ್ಟಿನಲ್ಲಿ ಇನ್ನೂ ಹೆಚ್ಚು. ಯಾಕೆಂದರೆ ಆಗ ಕರೆಂಟು ಮರಳಿ ಬರಲು ಕವಚದಲ್ಲಿ ದಾರಿಯಿಲ್ಲ. ಅದು ನೆಲದ ಆಳಕ್ಕೆ ನೂರಾರು ಮೀಟರ್ ಹರಡಿಕೊಂಡು ಮರಳುತ್ತದೆ, ಹೋಗುವ ದಾರಿಗೂ ಬರುವ ದಾರಿಗೂ ಅಂತರ ಹೆಚ್ಚಿದಷ್ಟೂ ಕವಚದ ವೋಲ್ಟೇಜು ಏರುತ್ತದೆ. ಅದಕ್ಕಾಗಿಯೇ ಈ ಪದ್ಧತಿಯಲ್ಲಿ ಕೇಬಲ್ಲುಗಳ ಪಕ್ಕದಲ್ಲೇ ಇಸಿಸಿ ಎಂಬ ಬೇರೊಂದು ತಾಮ್ರದ ಕೇಬಲ್ ಎಳೆದು ಎರಡೂ ತುದಿಗೆ ಅರ್ಥ್ ಮಾಡುತ್ತಾರೆ. ಸಾಲಾಗಿ ಹಾಕಿದ ಕೇಬಲ್ಲುಗಳ ಪಕ್ಕದಲ್ಲಾದರೆ ಅದನ್ನು ಅರ್ಧ ದಾರಿಯಲ್ಲಿ ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟಿಸಬೇಕು. ಇಲ್ಲದಿದ್ದರೆ ಸುತ್ತು ಕರೆಂಟು ಅದರಲ್ಲೇ ಹರಿಯಲು ಶುರುವಾಗುತ್ತದೆ.

ತೆರೆದ ತುದಿಗೆ ಇನ್ನೊಂದು ರಕ್ಷಣೆಯೂ ಬೇಕು. ಸಿಡಿಲು ಬಡಿದಾಗ ಅಥವಾ ಬ್ರೇಕರ್ ಹಾಕಿ ತೆಗೆದಾಗ ಬರುವ ಅಲೆಗೆ ಆ ತುದಿಯಲ್ಲಿ ಕ್ಷಣಮಾತ್ರ ಹತ್ತಾರು ಕಿಲೋವೋಲ್ಟ್ ಏಳಬಹುದು, ಅದು ಪಾಲಿಥೀನ್ ಹೊದಿಕೆಯನ್ನು ತೂತು ಮಾಡಿಬಿಡುತ್ತದೆ. ಎಸ್‌ವಿಎಲ್ ಎಂಬ ಸತುವಿನ ಆಕ್ಸೈಡಿನ ಬಿಲ್ಲೆ ಆ ಹೊತ್ತಿಗೆ ದಾರಿ ತೆರೆದು ಅಲೆಯನ್ನು ನೆಲಕ್ಕೆ ಇಳಿಸುತ್ತದೆ. ಆದರೆ ಮೇಲೆ ಹೇಳಿದ 3000 ವೋಲ್ಟಿನ ಫಾಲ್ಟಿಗೆ ಅದು ದಾರಿ ಬಿಡಬಾರದು, ಬಿಟ್ಟರೆ ಸುಟ್ಟುಹೋಗುತ್ತದೆ. ಆದ್ದರಿಂದ ಮಾರ್ಗ ಉದ್ದವಾದಷ್ಟೂ ಹೆಚ್ಚು ವೋಲ್ಟಿನ ಎಸ್‌ವಿಎಲ್ ಹಾಕಬೇಕು, ಹಾಕಿದಷ್ಟೂ ಹೊದಿಕೆಗೆ ಸಿಗುವ ರಕ್ಷಣೆ ತೆಳುವಾಗುತ್ತದೆ. ಸಿಂಗಲ್ ಪಾಯಿಂಟಿನ ಉದ್ದವನ್ನು ಕೊನೆಗೆ ಕಟ್ಟಿಹಾಕುವುದು ಈ ಇಕ್ಕಟ್ಟು. ಜಾಯಿಂಟೇ ಇಲ್ಲದ ತುಂಡುಗಳಿಗೆ, ಅಂದರೆ ಗೋಪುರದಿಂದ ಸಬ್‌ಸ್ಟೇಷನ್ನಿಗೆ ಇಳಿಯುವ, ಟ್ರಾನ್ಸ್‌ಫಾರ್ಮರಿನಿಂದ ಸ್ವಿಚ್‌ಗೇರಿಗೆ ಹೋಗುವ ಕೆಲವು ನೂರು ಮೀಟರುಗಳಿಗೆ ಇದಕ್ಕಿಂತ ಒಳ್ಳೆಯ ಪದ್ಧತಿ ಇಲ್ಲ.

ಎರಡನೆಯ ದಾರಿ: ಕ್ರಾಸ್ ಬಾಂಡಿಂಗ್

ಎರಡೂ ತುದಿಗಳನ್ನು ಅರ್ಥ್ ಮಾಡಿಯೂ ಸುತ್ತಿನೊಳಗಿನ ವೋಲ್ಟೇಜನ್ನೇ ಅಳಿಸಿಹಾಕುವುದು ಕ್ರಾಸ್ ಬಾಂಡಿಂಗಿನ ಉಪಾಯ. ಮಾರ್ಗವನ್ನು ಮೂರು ಸಮಭಾಗ ಮಾಡುತ್ತಾರೆ. ನಡುವಿನ ಎರಡು ಜಾಯಿಂಟುಗಳಲ್ಲಿ ಒಳಗಿನ ತಂತಿ ಎಂದಿನಂತೆ ಮುಂದುವರಿಯುತ್ತದೆ, ಆದರೆ ಕವಚವನ್ನು ಒಂದು ನಿರೋಧಕ ಉಂಗುರದಿಂದ ಕಡಿದಿರುತ್ತಾರೆ. ಕಡಿದ ತುದಿಗಳು ಬಾಂಡಿಂಗ್ ಲೀಡಿನ ಮೂಲಕ ರಸ್ತೆ ಬದಿಯ ಲಿಂಕ್ ಬಾಕ್ಸಿಗೆ ಬರುತ್ತವೆ. ಅಲ್ಲಿ ಆರ್ ಕವಚವನ್ನು ಮುಂದಿನ ತುಂಡಿನ ವೈ ಕವಚಕ್ಕೆ, ವೈಯನ್ನು ಬಿಗೆ, ಬಿಯನ್ನು ಆರ್‌ಗೆ ಜೋಡಿಸುತ್ತಾರೆ. ಎರಡನೆಯ ಬಾಕ್ಸಿನಲ್ಲೂ ಇದೇ ಕ್ರಮ. ಹೀಗೆ ಒಂದೊಂದು ಕವಚದ ದಾರಿಯೂ ಮೂರು ಫೇಸುಗಳ ಮೇಲೂ ಒಂದೊಂದು ಭಾಗ ಸಾಗಿ ಬಂದಿರುತ್ತದೆ.

ಮೂರು ಫೇಸುಗಳ ವೋಲ್ಟೇಜು ಒಂದಕ್ಕೊಂದು 120 ಡಿಗ್ರಿ ತಿರುಗಿರುತ್ತವೆ. ಮೂರು ಸಮ ಬದಿಗಳ ಗದ್ದೆಯ ಬದುವಿನ ಮೇಲೆ ನಡೆಯುತ್ತಾ ಪ್ರತಿ ಮೂಲೆಯಲ್ಲಿ ತಿರುಗಿದರೆ ಮೂರನೆಯ ಬದಿ ಮುಗಿದಾಗ ಹೊರಟಲ್ಲಿಗೇ ಬಂದು ನಿಲ್ಲುತ್ತೇವಲ್ಲ, ಈ ಮೂರು ವೋಲ್ಟೇಜುಗಳೂ ಹಾಗೆಯೇ ಕೂಡಿ ಸೊನ್ನೆಯಾಗುತ್ತವೆ. ತಳ್ಳುವ ವೋಲ್ಟೇಜೇ ಇಲ್ಲದ ಮೇಲೆ ಸುತ್ತು ಪೂರ್ಣವಾಗಿದ್ದರೂ ಕರೆಂಟಿಲ್ಲ.

ನಮ್ಮ ಮಾರ್ಗದಲ್ಲಿ ಕವಚ ಕಾಣುವ ಅತಿ ಹೆಚ್ಚಿನ ವೋಲ್ಟೇಜು ಜಾಯಿಂಟಿನ ಬಳಿ 20, ಅದೇ ತ್ರೀ-ಫೇಸ್ ಫಾಲ್ಟಿನಲ್ಲಿ 1000. ಕವಚ ಎರಡೂ ತುದಿಗೆ ಅರ್ಥ್ ಆಗಿರುವುದರಿಂದ ಫಾಲ್ಟ್ ಕರೆಂಟಿಗೆ ಮರಳುವ ದಾರಿ ಇದೆ, ಇಸಿಸಿ ಬೇಕಿಲ್ಲ. ಮಾರ್ಗ ಇನ್ನೂ ಉದ್ದವಾದರೆ ಇಂಥದೇ ಮೂರು ಮೂರು ತುಂಡುಗಳ ಗುಂಪನ್ನು ಒಂದರ ನಂತರ ಒಂದರಂತೆ ಜೋಡಿಸುತ್ತಾ ಹೋದರಾಯಿತು. ಹಾಗಾಗಿ ಉದ್ದಕ್ಕೆ ಮಿತಿಯಿಲ್ಲ.

ಮೂರು ತುಂಡುಗಳೂ ಸರಿಸಮ ಇರಲೇಬೇಕೇ? ರಸ್ತೆ ಅಷ್ಟು ಒದಗಿಬರುವುದಿಲ್ಲ. ಜಾಯಿಂಟ್ ಬೇ ಅಗೆಯಬೇಕಾದಲ್ಲಿ ಒಳಚರಂಡಿಯೋ ಬಸ್ ನಿಲ್ದಾಣವೋ ಇರುತ್ತದೆ. 500ರ ಬದಲು 600, 500, 400 ಮೀಟರ್ ಆಯಿತೆನ್ನಿ. ತ್ರಿಕೋನ ಪೂರ್ತಿ ಮುಚ್ಚದೆ ಸುಮಾರು 7 ವೋಲ್ಟ್ ಉಳಿದು 60 ಆಂಪಿಯರ್ ಹರಿಯುತ್ತದೆ. ಆದರೆ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ 72 ಕಿಲೋವ್ಯಾಟ್ ಇದ್ದದ್ದು ಬರೀ ಒಂದು ಕಿಲೋವ್ಯಾಟಿನ ಹತ್ತಿರ ಬರುತ್ತದೆ. ಸ್ವಲ್ಪ ಏರುಪೇರಿಗೆ ಹೆದರಬೇಕಿಲ್ಲ. ಸಾಲಾಗಿ ಹಾಕಿದ ಕೇಬಲ್ಲುಗಳಲ್ಲಿ ಮಾತ್ರ ಒಂದು ಎಚ್ಚರ ಬೇಕು. ಅಲ್ಲಿ ನಡುವಿನದಕ್ಕೂ ಅಂಚಿನದಕ್ಕೂ ವೋಲ್ಟೇಜು ಬೇರೆ ಇರುವುದರಿಂದ ಪ್ರತಿ ಜಾಯಿಂಟಿನಲ್ಲೂ ಕೇಬಲ್ಲುಗಳ ಜಾಗವನ್ನೇ ಅದಲು ಬದಲು ಮಾಡಬೇಕು.

ಹಾಗಾದರೆ ಈ ಒಂದೂವರೆ ಕಿ.ಮೀ.ಗೆ ಯಾವುದು? ಎರಡು ಜಾಯಿಂಟುಗಳು ಹೇಗೂ ಇವೆ, ಮೂರು ತುಂಡುಗಳೂ ಸಮ. ಸಿಂಗಲ್ ಪಾಯಿಂಟ್ ಮಾಡಿದರೆ 65ರ ಮಿತಿಯ ಅಂಚಿನಲ್ಲಿ ನಿಂತು, ಒಂದೂವರೆ ಕಿ.ಮೀ. ಇಸಿಸಿಗೂ ದುಡ್ಡು ಕೊಟ್ಟು, 3000 ವೋಲ್ಟಿಗೂ ಮೇಲಿನ ಫಾಲ್ಟ್ ತಾಳುವ ಎಸ್‌ವಿಎಲ್ ಹುಡುಕಬೇಕು. ಇಲ್ಲಿ ಕ್ರಾಸ್ ಬಾಂಡಿಂಗ್ ಸರಿ. ಇದೇ ಮಾರ್ಗ 400 ಮೀಟರ್ ಇದ್ದಿದ್ದರೆ ತೆರೆದ ತುದಿಯಲ್ಲಿ 16 ವೋಲ್ಟ್ ಮಾತ್ರ ಇರುತ್ತಿತ್ತು. ಕ್ರಾಸ್ ಮಾಡುವುದಕ್ಕೆಂದೇ ಎರಡು ಜಾಯಿಂಟ್ ಹಾಕುವುದು ತಪ್ಪಾಗುತ್ತಿತ್ತು. ಕೇಬಲ್ ಮಾರ್ಗದಲ್ಲಿ ಮೊದಲು ಕೈಕೊಡುವ ಜಾಗಗಳಲ್ಲಿ ಜಾಯಿಂಟೂ ಒಂದು, ಅದನ್ನು ಬೇಕೆಂದೇ ಹೆಚ್ಚಿಸಬಾರದು.

ತಪ್ಪಾಗುವುದು ಬಾಕ್ಸಿನಲ್ಲಿ

ಕ್ರಾಸ್ ಬಾಂಡಿಂಗಿನ ಲೆಕ್ಕವೆಲ್ಲ ನಿಂತಿರುವುದು ಲಿಂಕ್ ಬಾಕ್ಸಿನೊಳಗಿನ ಕೆಲವು ತಾಮ್ರದ ಪಟ್ಟಿಗಳ ಮೇಲೆ. ಕೇಬಲ್ ಹಾಕಿದ ಮೇಲೆ ಹೊದಿಕೆ ಎಲ್ಲಾದರೂ ಹರಿದಿದೆಯೇ ಎಂದು ನೋಡಲು ಕವಚಕ್ಕೆ 10 ಕೆವಿ ಡಿಸಿ ಒಂದು ನಿಮಿಷ ಕೊಡುತ್ತಾರೆ. ಆಗ ಎಸ್‌ವಿಎಲ್‌ಗಳನ್ನೂ ಲಿಂಕುಗಳನ್ನೂ ಬಿಚ್ಚಲೇಬೇಕು. ಪರೀಕ್ಷೆ ಮುಗಿಸಿ ಮರಳಿ ಕೂರಿಸುವಾಗ ತಪ್ಪು ನುಸುಳುತ್ತದೆ. ಬಾಂಡಿಂಗ್ ಲೀಡು ಸಾಮಾನ್ಯವಾಗಿ ಒಳಗೊಂದು, ಅದರ ಸುತ್ತ ಇನ್ನೊಂದು ತಾಮ್ರವಿರುವ ಜೋಡಿ ಕೇಬಲ್. ಒಂದು ಕಡೆಯ ಕವಚ ಒಳಗಿನದಕ್ಕೆ, ಇನ್ನೊಂದು ಕಡೆಯದು ಹೊರಗಿನದಕ್ಕೆ. ಒಂದು ಜಾಯಿಂಟಿನಲ್ಲಿ ಈ ಕ್ರಮ ತಿರುಗುಮುರುಗಾದರೆ ಸಾಕು, ಬಾಕ್ಸಿನ ಪಟ್ಟಿಗಳು ನೋಡಲು ಸರಿಯಾಗಿದ್ದರೂ ಕವಚದ ದಾರಿ ಆರ್, ವೈ, ಬಿ ಆಗುವ ಬದಲು ಆರ್, ವೈ, ಮತ್ತೆ ಆರ್ ಆಗಿಬಿಡುತ್ತದೆ.

ಆಗ ತ್ರಿಕೋನ ಮುಚ್ಚುವುದಿಲ್ಲ. ನಮ್ಮ ಮಾರ್ಗದಲ್ಲಿ ಸೊನ್ನೆಯ ಬದಲು 35 ವೋಲ್ಟ್ ಉಳಿದು, ಮೂರೂ ಕವಚಗಳಲ್ಲಿ ಸುಮಾರು 305 ಆಂಪಿಯರ್ ಸುತ್ತುತ್ತದೆ. ನೇರವಾಗಿ ಎರಡೂ ತುದಿ ಅರ್ಥ್ ಮಾಡಿದ್ದರೆ ಬರುತ್ತಿದ್ದ 530ರ ಶೇ. 58. ಶಾಖ ಮೂರನೇ ಒಂದು ಭಾಗ, 24 ಕಿಲೋವ್ಯಾಟ್. ಮಾರ್ಗ ಟ್ರಿಪ್ ಆಗುವುದಿಲ್ಲ, ರಿಲೇ ಏನನ್ನೂ ಹೇಳುವುದಿಲ್ಲ. ಕೇಬಲ್ ಮಾತ್ರ ವರ್ಷಗಟ್ಟಲೆ ಬೇಯುತ್ತಿರುತ್ತದೆ.

ಇದನ್ನು ಹಿಡಿಯಲು ಟಾಂಗ್ ಟೆಸ್ಟರ್ ಸಾಕು. ಸಬ್‌ಸ್ಟೇಷನ್ ತುದಿಯ ಅರ್ಥಿಂಗ್ ಬಾಕ್ಸಿನಲ್ಲಿ ಒಂದೊಂದು ಫೇಸಿನ ಬಾಂಡಿಂಗ್ ಲೀಡಿಗೂ ಅದನ್ನು ಹಾಕಿ ಓದಬೇಕು. ಅದೇ ಹೊತ್ತಿನ ಹೊರೆಯನ್ನು ಕಂಟ್ರೋಲ್ ರೂಮಿನಲ್ಲಿ ಬರೆದುಕೊಳ್ಳಬೇಕು. ಫಾಲ್ಟ್ ಆದರೆ ಅಲ್ಲಿ ಸಾವಿರಾರು ವೋಲ್ಟ್ ಬರಬಹುದಾದ್ದರಿಂದ ಕೈಗವಸು, ಅನುಮತಿ ಎಲ್ಲವೂ ಬೇಕು. ಲಿಂಕ್ ಬಿಚ್ಚುವುದಾದರೆ ಲೈನ್ ಕ್ಲಿಯರ್ ಪಡೆದೇ ಬಿಚ್ಚಬೇಕು. ಓದಿದ ಅಂಕಿಗಳು ಬಹಳಷ್ಟನ್ನು ಹೇಳುತ್ತವೆ. ಮೂರು ಫೇಸಿನಲ್ಲೂ ಕೆಲವೇ ಆಂಪಿಯರ್, ಅಥವಾ ತುಂಡುಗಳು ಅಸಮವಾಗಿದ್ದರೆ ಕೆಲವು ಹತ್ತು ಆಂಪಿಯರ್ ಇದ್ದರೆ ಎಲ್ಲ ಸರಿ. ಮೂರರಲ್ಲೂ ಸಮವಾಗಿ ಹೊರೆಯ ಶೇ. 38ರಷ್ಟು, ಅಂದರೆ 800ಕ್ಕೆ 305ರ ಆಸುಪಾಸು ಬಂದರೆ ಲಿಂಕು ತಿರುಗಿದೆ ಎಂದೇ ಮೊದಲ ಅನುಮಾನ. ಒಂದು ತುದಿಯಲ್ಲಿ 530, ಇನ್ನೊಂದು ತುದಿಯಲ್ಲಿ ಅದರ ಅರ್ಧ ಕಂಡರೆ, 530 ಕಂಡ ತುದಿಗೆ ಹತ್ತಿರದ ಲಿಂಕ್ ಬಾಕ್ಸ್ ಪೂರ್ತಿ ನೆಲಕ್ಕೆ ಶಾರ್ಟ್ ಆಗಿದೆ. ಮಳೆಗಾಲದಲ್ಲಿ ನೀರು ತುಂಬುವ ಬಾಕ್ಸುಗಳಲ್ಲಿ ಇದರ ಮೆಲುವಾದ ರೂಪಗಳು, ಫೇಸಿನಿಂದ ಫೇಸಿಗೆ ಬೇರೆ ಬೇರೆ ಅಂಕಿಗಳು ಕಾಣಸಿಗುತ್ತವೆ.

ಸಿಂಗಲ್ ಪಾಯಿಂಟ್ ಮಾರ್ಗದಲ್ಲಿ ಓದುವ ರೀತಿ ಬೇರೆ. ಅಲ್ಲಿ ಕವಚದಲ್ಲಿ ಇರಬೇಕಾದದ್ದು ಕೆಪಾಸಿಟರಿನ ಚಾರ್ಜಿಂಗ್ ಕರೆಂಟು ಮಾತ್ರ, ಇಂಥ 220 ಕೆವಿ ಕೇಬಲ್ಲಿಗೆ ಕಿ.ಮೀ.ಗೆ ಆರೇಳು ಆಂಪಿಯರ್. ಅದು ವೋಲ್ಟೇಜನ್ನು ಅವಲಂಬಿಸಿದ್ದು, ಹೊರೆಯನ್ನಲ್ಲ. ಆದ್ದರಿಂದ ನಡುರಾತ್ರಿಯೂ ಸಂಜೆಯ ಪೀಕ್ ಹೊತ್ತಿನಲ್ಲೂ ಒಂದೇ ಅಂಕಿ ಬರಬೇಕು. ಹೊರೆಯ ಜೊತೆ ಅಂಕಿಯೂ ಏರಿದರೆ ಎಲ್ಲೋ ಎರಡನೆಯ ಅರ್ಥ್ ಹುಟ್ಟಿದೆ. ನೀರಿನ ಪೈಪಿಗೆ ಅಗೆದ ಜೆಸಿಬಿಯ ಹಲ್ಲು ತಾಗಿ ಹೊದಿಕೆ ಹರಿದಿರಬಹುದು, ಎಸ್‌ವಿಎಲ್ ಸುಟ್ಟು ಶಾರ್ಟ್ ಆಗಿರಬಹುದು. ಚಾರ್ಜಿಂಗ್ ಕರೆಂಟೂ ಇಲ್ಲದೆ ಸೊನ್ನೆ ಬಂದರೆ ಅದು ಇನ್ನೂ ಅಪಾಯ. ಯಾರೋ ತಾಮ್ರದ ಆಸೆಗೆ ಅರ್ಥ್ ಲೀಡನ್ನೇ ಕತ್ತರಿಸಿರಬಹುದು, ಕವಚ ಕಿಲೋವೋಲ್ಟುಗಳಲ್ಲಿ ತೇಲುತ್ತಿರಬಹುದು. ಸೊನ್ನೆ ಕಂಡವರು ನಿಶ್ಚಿಂತರಾಗದೆ ಅಲ್ಲಿಂದ ಹಿಂದೆ ಸರಿಯಬೇಕು.

ಆದ್ದರಿಂದ ಮಾರ್ಗ ಚಾಲೂ ಮಾಡುವ ದಿನವೇ ಮೂರು ಕೆಲಸ ಆಗಬೇಕು. ಪ್ರತಿ ಲಿಂಕ್ ಬಾಕ್ಸಿನ ಮುಚ್ಚಳದ ಒಳಗೆ ಜೋಡಣೆಯ ನಕ್ಷೆ ಅಂಟಿಸಬೇಕು. ಕೊನೆಯ ಸಲ ಮುಚ್ಚುವ ಮುನ್ನ ಪಟ್ಟಿಗಳ ಫೋಟೊ ತೆಗೆದಿಡಬೇಕು. ಮೊದಲ ಹೊರೆ ಬಂದಾಗ ಕವಚದ ಕರೆಂಟನ್ನು ತಂತಿಯ ಕರೆಂಟಿನ ಜೊತೆಗೆ ಬರೆದಿಡಬೇಕು. ಆ ಮೊದಲ ಜೋಡಿ ಅಂಕಿ ಕಡತದಲ್ಲಿದ್ದರೆ, ಹತ್ತು ವರ್ಷದ ನಂತರ ಟಾಂಗ್ ಟೆಸ್ಟರ್ ಹಿಡಿದು ಬರುವ ಕಿರಿಯ ಎಂಜಿನಿಯರಿಗೆ ಹೋಲಿಸಿ ನೋಡಲು ಆಧಾರವಿರುತ್ತದೆ. ಅದಿಲ್ಲದೆ ಹೋದರೆ 60 ಆಂಪಿಯರ್ ಕಂಡಾಗ ಅದು ತುಂಡುಗಳ ಅಸಮತೆಯೋ, ಹೊಸದಾಗಿ ಹುಟ್ಟಿದ ದೋಷವೋ ಎಂದು ಹೇಳಲು ಯಾರಿಂದಲೂ ಆಗದು.